ಚಿನ್ನದ ಗ್ರಾಹಕರು ಯಾವ ಅಗತ್ಯಕ್ಕೆ ಕೊಳ್ಳುತ್ತಾರೆ?

ಬಿ.ಕಾಂ. ನಾಲ್ಕನೇ ಸೆಮಿಸ್ಟರ್, ಮಾರುಕಟ್ಟೆ ನಿರ್ವಹಣೆ
ಅಸೈನ್‌ಮೆಂಟ್ ಪ್ರಶ್ನೆ: ಮಾಸ್ಲೋ ಅವರ ಅಗತ್ಯಗಳ ಶ್ರೇಣಿಯನ್ನು ಬಳಸಿ, ನಿಮ್ಮ ಊರಿನ ಯಾವುದಾದರೂ ಒಂದು ಸರಕಿನ ಗ್ರಾಹಕರ ಅಭಿಪ್ರೇರಣೆಯನ್ನು ವಿವರಿಸಿ.

ಅಬ್ರಹಾಂ ಮಾಸ್ಲೋ 1943ರಲ್ಲಿ ಬರೆದ ಲೇಖನದಲ್ಲಿ ಮನುಷ್ಯನ ಅಗತ್ಯಗಳನ್ನು ಐದಾಗಿ ವಿಂಗಡಿಸಿದರು: ದೈಹಿಕ ಅಗತ್ಯ, ಸುರಕ್ಷತೆ, ಪ್ರೀತಿ ಮತ್ತು ತನ್ನವರೆಂಬ ಭಾವ, ಗೌರವ, ಆತ್ಮಸಾಫಲ್ಯ. ಕೆಳಗಿನದು ತಕ್ಕಮಟ್ಟಿಗೆ ಈಡೇರಿದಾಗ ಮೇಲಿನದು ತಲೆಯೆತ್ತುತ್ತದೆ. ಈ ವಿಂಗಡಣೆ ಪಠ್ಯಗಳಲ್ಲಿ ಪಿರಮಿಡ್ ಆಗಿ ಕಾಣುತ್ತದೆ. ಆದರೆ ಆ ಚಿತ್ರ ಮಾಸ್ಲೋ ಅವರದಲ್ಲ, ನಂತರ ನಿರ್ವಹಣಾಶಾಸ್ತ್ರದವರು ಬರೆದದ್ದು. ಬಹುಪಾಲು ವರ್ತನೆಗಳ ಹಿಂದೆ ಒಂದಕ್ಕಿಂತ ಹೆಚ್ಚು ಅಗತ್ಯಗಳು ಒಟ್ಟಿಗೇ ಇರುತ್ತವೆ ಎಂದು ಅವರೇ ಅದೇ ಲೇಖನದಲ್ಲಿ ಹೇಳಿದ್ದಾರೆ. ಪಿರಮಿಡ್ ನೋಡಿದವರಿಗೆ ಈ ಮಾತು ಕಾಣುವುದಿಲ್ಲ. ನನ್ನ ವಿವರಣೆ ನಿಂತಿರುವುದು ಈ ಮಾತಿನ ಮೇಲೆಯೇ.

ನಾನು ಆರಿಸಿಕೊಂಡ ಸರಕು ಚಿನ್ನದ ಒಡವೆ. ದಾವಣಗೆರೆಯಲ್ಲಿ ನಮ್ಮ ಮನೆಯವರಿಗೆ ಪರಿಚಯವಿರುವ ಒಂದು ಅಂಗಡಿಯಲ್ಲಿ ಕುಳಿತು, ಬಂದವರು ಏನು ಕೇಳುತ್ತಾರೆ ಎಂಬುದನ್ನು ಬರೆದುಕೊಂಡೆ. "ಒಡವೆ ಗೌರವದ ಮೆಟ್ಟಿಲಿನ ಸರಕು" ಎಂದು ಸುಲಭವಾಗಿ ಬರೆದುಬಿಡಬಹುದಿತ್ತು. ಅಂಗಡಿಯಲ್ಲಿ ಕೇಳಿಸಿಕೊಂಡದ್ದು ಹಾಗಿರಲಿಲ್ಲ.

ಮಗಳ ಮದುವೆಗೆಂದು ಸರ ನೋಡಲು ಬಂದ ತಾಯಿಯೊಬ್ಬರು ಮೊದಲು ನೋಡಿದ್ದು ವಿನ್ಯಾಸವನ್ನೇ. "ಬೀಗರ ಮುಂದೆ ತೀರಾ ತೆಳ್ಳಗೆ ಕಾಣಬಾರದು" ಎಂದರು. ಇದು ಗೌರವದ ಅಗತ್ಯ. ಮಗಳು ಹೊಸ ಮನೆಯಲ್ಲಿ ಆ ಮನೆಯವಳಾಗಿಯೇ ಕಾಣಬೇಕು ಎಂಬ ಆಸೆಯೂ ಅದರಲ್ಲಿದೆ, ಅದು ಮೂರನೆಯ ಅಗತ್ಯ. ಆದರೆ ದರ ಮಾತಾಡುವಾಗ ಅವರು ಕೇಳಿದ್ದು, "ನಾಳೆ ವಾಪಸ್ ಕೊಟ್ರೆ ಎಷ್ಟು ಕಳೀತೀರಿ?" ವೇಸ್ಟೇಜ್ ಎಷ್ಟು, ಹಾಲ್‌ಮಾರ್ಕ್ ಇದೆಯಾ ಎಂಬ ಪ್ರಶ್ನೆಗಳೂ ಬಂದವು. ಇವೆಲ್ಲ ಸುರಕ್ಷತೆಯ ಪ್ರಶ್ನೆಗಳು. ಗೌರವಕ್ಕಾಗಿ ಕೊಳ್ಳುವಾಗಲೂ ಅವರು ಸುರಕ್ಷತೆಯನ್ನು ಹಿಂದೆ ಬಿಟ್ಟು ಬಂದಿರಲಿಲ್ಲ.

ಹಳ್ಳಿಯಿಂದ ಬರುವ ಗ್ರಾಹಕರಲ್ಲಿ ಇದು ಇನ್ನೂ ಸ್ಪಷ್ಟ. ಭತ್ತ, ಮೆಕ್ಕೆಜೋಳ ಬೆಳೆಯುವ ಮನೆಗಳಲ್ಲಿ ಬಿತ್ತನೆ ಹೊತ್ತಿಗೆ ಒಡವೆ ಗಿರವಿಗೆ ಹೋಗುತ್ತದೆ, ಫಸಲು ಮಾರಿದ ಮೇಲೆ ಬಿಡಿಸಿಕೊಂಡು ಬರುತ್ತಾರೆ. ಕೋವಿಡ್ ಸಂಕಷ್ಟದಲ್ಲಿ, 2020ರ ಆಗಸ್ಟ್‌ನಲ್ಲಿ, ರಿಸರ್ವ್ ಬ್ಯಾಂಕ್ ಚಿನ್ನದ ಮೌಲ್ಯದ ಮೇಲೆ ಬ್ಯಾಂಕುಗಳು ಕೃಷಿಯೇತರ ಖರ್ಚುಗಳಿಗೆ ಕೊಡಬಹುದಾದ ಸಾಲದ ಮಿತಿಯನ್ನು ಶೇ 75ರಿಂದ 90ಕ್ಕೆ ತಾತ್ಕಾಲಿಕವಾಗಿ ಏರಿಸಿತು. ಕೊರಳಲ್ಲಿದ್ದಾಗ ಮರ್ಯಾದೆ ತರುವ ಸರ, ಕಷ್ಟ ಬಂದಾಗ ಅಕ್ಕಿಬೇಳೆಗೂ ಆಸ್ಪತ್ರೆ ಖರ್ಚಿಗೂ ಹಣವಾಗುತ್ತದೆ. ಮೇಲಿನ ಅಗತ್ಯದ ವಸ್ತುವೊಂದು ಕೆಳಗಿನ ಅಗತ್ಯಕ್ಕೆ ಇಳಿದು ಬರುವ ಈ ದಾರಿಯನ್ನು ಪಿರಮಿಡ್ ತೋರಿಸುವುದೇ ಇಲ್ಲ.

ಇದನ್ನು ಅರಿಯದಿದ್ದರೆ ದೊಡ್ಡ ಕಂಪನಿಗೂ ಕಷ್ಟ ಎಂಬುದಕ್ಕೆ ತನಿಷ್ಕ್ ಉದಾಹರಣೆ. ತೊಂಬತ್ತರ ದಶಕದಲ್ಲಿ ಅದು 18 ಕ್ಯಾರೆಟ್‌ನ, ಪಾಶ್ಚಾತ್ಯ ವಿನ್ಯಾಸದ ಹರಳಿನ ಒಡವೆಗಳೊಂದಿಗೆ ಮಾರುಕಟ್ಟೆಗೆ ಬಂತು. ನಿರೀಕ್ಷಿಸಿದಷ್ಟು ಜನ ಕೊಳ್ಳಲಿಲ್ಲ. ಗೌರವಕ್ಕೆ ಮಾತ್ರ ಒದಗುವ ಒಡವೆ ಅದಾಗಿತ್ತು, 22 ಕ್ಯಾರೆಟ್‌ನಲ್ಲಿ ಕೂಡಿಡುವ ಭರವಸೆ ಅದರಲ್ಲಿರಲಿಲ್ಲ ಎಂಬುದು ನನ್ನ ವಿಶ್ಲೇಷಣೆ. ಮುಂದೆ ಕಂಪನಿ 22 ಕ್ಯಾರೆಟ್‌ಗೆ ಬಂತು. ಗ್ರಾಹಕರ ಕಣ್ಣೆದುರೇ ಶುದ್ಧತೆ ಅಳೆಯುವ ಕ್ಯಾರೆಟ್‌ಮೀಟರ್ ಯಂತ್ರವನ್ನು ಮಳಿಗೆಗಳಲ್ಲಿ ಇಟ್ಟಿತು. ಮನೆಯಲ್ಲಿದ್ದ ಹಳೆಯ ಒಡವೆಯನ್ನೂ ಜನ ಅಲ್ಲಿ ಅಳೆಸಿ ನೋಡಬಹುದಿತ್ತು. ಸುರಕ್ಷತೆಯ ಅಗತ್ಯವನ್ನೇ ಪ್ರಚಾರದ ಕೇಂದ್ರಕ್ಕೆ ತಂದ ನಡೆ ಇದು. ಈಗ ಆ ಕೆಲಸವನ್ನು ಕಾನೂನೇ ಮಾಡುತ್ತಿದೆ: 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ಕಡ್ಡಾಯ. ಶುದ್ಧತೆಯ ಭರವಸೆ ಎಲ್ಲ ಅಂಗಡಿಯಲ್ಲೂ ಸಿಗುವಾಗ ಅದೊಂದನ್ನೇ ಹೇಳಿ ಗ್ರಾಹಕರನ್ನು ಸೆಳೆಯುವುದು ಕಷ್ಟ. ಇತ್ತೀಚಿನ ಒಡವೆ ಜಾಹೀರಾತುಗಳಲ್ಲಿ ತಾಯಿ-ಮಗಳ ಬಾಂಧವ್ಯ, ದುಡಿಯುವ ಹೆಣ್ಣಿನ ಸ್ವಾಭಿಮಾನ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣವೆಂದು ನನಗನಿಸುತ್ತದೆ.

ಮೊದಲ ಸಂಬಳದಲ್ಲಿ ತನಗೇ ಎಂದು ಸಣ್ಣ ಓಲೆ ಕೊಂಡ ಯುವತಿಯೊಬ್ಬಳನ್ನು ಅಂಗಡಿಯಲ್ಲಿ ಕಂಡೆ. ಅದನ್ನು ಆತ್ಮಸಾಫಲ್ಯಕ್ಕೆ ಸೇರಿಸಿ ಐದೂ ಅಗತ್ಯ ಭರ್ತಿ ಮಾಡಬಹುದಿತ್ತು. ಆದರೆ ತನ್ನ ಸಾಮರ್ಥ್ಯವನ್ನು ಪೂರ್ತಿ ಅರಳಿಸಿಕೊಳ್ಳುವುದು ಆತ್ಮಸಾಫಲ್ಯ. ಓಲೆ ಕೊಂಡದ್ದು ಸ್ವಾಭಿಮಾನ, ಅಂದರೆ ನಾಲ್ಕನೆಯ ಅಗತ್ಯವೇ.

ಮಾಸ್ಲೋ ಸಿದ್ಧಾಂತದ ಸಂಶೋಧನೆಗಳನ್ನು 1976ರಲ್ಲಿ ಪರಿಶೀಲಿಸಿದ ವಾಹ್ಬಾ ಮತ್ತು ಬ್ರಿಡ್‌ವೆಲ್, ಈ ಕ್ರಮಕ್ಕೆ ಗಟ್ಟಿ ಆಧಾರ ಸಿಗಲಿಲ್ಲವೆಂದು ಹೇಳಿದರು. ಆದ್ದರಿಂದ ಗ್ರಾಹಕರನ್ನು ಮೆಟ್ಟಿಲುಗಳ ಲೆಕ್ಕದಲ್ಲಿ ವಿಭಾಗಿಸುವುದು ಸರಿಯಲ್ಲ. ಸಂದರ್ಭದ ಲೆಕ್ಕದಲ್ಲಿ ವಿಭಾಗಿಸಬೇಕು: ಮದುವೆ, ಉಳಿತಾಯ, ಸ್ವಂತ ಖುಷಿ. ಪ್ರತಿ ಸಂದರ್ಭದಲ್ಲೂ ಎರಡು ಪ್ರಶ್ನೆ ಕೇಳಬೇಕು: ಅಂಗಡಿಗೆ ಕರೆತಂದ ಅಗತ್ಯ ಯಾವುದು, ಈಡೇರದಿದ್ದರೆ ಕೊಳ್ಳದೆ ಎದ್ದುಹೋಗುವಂಥ ಅಗತ್ಯ ಯಾವುದು? ನಾನು ನೋಡಿದ ಅಂಗಡಿಗೆ ನನ್ನ ಸಲಹೆ ಇಷ್ಟು. ಮದುವೆ ಒಡವೆಯ ಜಾಹೀರಾತಿನಲ್ಲಿ ಸಂಭ್ರಮವೇ ಇರಲಿ. ಆದರೆ ಕೌಂಟರಿನಲ್ಲಿ ಅಂದಿನ ದರದ ಪಕ್ಕದಲ್ಲೇ ವೇಸ್ಟೇಜ್, ಮೇಕಿಂಗ್ ಚಾರ್ಜ್ ಮತ್ತು ವಾಪಸ್ ಕೊಟ್ಟಾಗ ಕಳೆಯುವ ಪ್ರಮಾಣವನ್ನು, ಗ್ರಾಹಕರು ಕೇಳುವ ಮೊದಲೇ, ಕನ್ನಡದಲ್ಲಿ ಬರೆದು ಹಾಕಬೇಕು.