ದೊಡ್ಡಪ್ಪನಿಗೆ, ಹಾವಿನ ಮದ್ದಿನ ಮೆಸೇಜಿನ ಬಗ್ಗೆ

ದೊಡ್ಡಪ್ಪ, ನಮಸ್ಕಾರ. ನಿನ್ನೆ ರಾತ್ರಿ ನೀವು ಮನೆ ಗ್ರೂಪಿಗೆ ಹಾಕಿದ ಹಾವಿನ ಮದ್ದಿನ ಮೆಸೇಜ್ ನೋಡಿದೆ. ಎಲ್ಲರ ಎದುರು ಬೇಡ ಅಂತ ನಿಮಗೊಬ್ಬರಿಗೇ ಬರೀತಿದ್ದೀನಿ. ಮಳೆ ಹಿಡಿದಿದೆ, ತೋಟದಲ್ಲಿ ಕಳೆ ತೆಗೆಯೋ ಕೆಲಸ ನಡೀತಿದೆ, ಆಳುಗಳಿಗೂ ಉಪಯೋಗ ಆಗಲಿ ಅಂತಲೇ ನೀವು ಕಳಿಸಿದ್ದು. ಆದರೆ ‘ನಾಜಾ 200’ ಅನ್ನೋ ಹೋಮಿಯೋಪತಿ ಹನಿಯನ್ನು ಹತ್ತು ನಿಮಿಷಕ್ಕೊಮ್ಮೆ ಮೂರು ಸಲ ನಾಲಗೆಗೆ ಬಿಟ್ಟರೆ ವಿಷ ಇಳಿಯುತ್ತೆ ಅನ್ನೋದು ಸುಳ್ಳು. ಅದನ್ನು ನಂಬಿ ಮನೇಲಿ ಅರ್ಧ ಗಂಟೆ ಕೂತರೆ ಆ ಅರ್ಧ ಗಂಟೆಯೇ ಜೀವಕ್ಕೆ ಕುತ್ತು.

ನಾಜಾ ಅಂದರೆ ನಾಗರಹಾವಿನ ವಿಷವನ್ನೇ ಒಂದಕ್ಕೆ ನೂರು ಪಾಲಿನಂತೆ 200 ಸಲ ತೆಳು ಮಾಡಿದ್ದು. 12–13ನೇ ಸಲಕ್ಕೇ ಮೂಲ ವಸ್ತುವಿನ ಒಂದು ಅಣುವೂ ಉಳಿದಿರಲ್ಲ. ಹಾಗಾದರೆ ‘ಕೊಟ್ಟೆವು, ಬದುಕಿದ’ ಅನ್ನೋರು ಸುಳ್ಳು ಹೇಳ್ತಾರಾ? ಇಲ್ಲ. ಕೇರೆ, ನೀರುಹಾವಿನಂಥ ವಿಷವಿಲ್ಲದ ಹಾವುಗಳೇ ಜಾಸ್ತಿ. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತೆ. ಅಂಥವರಿಗೆ ಬರೀ ನೀರು ಕೊಟ್ಟಿದ್ದರೂ ಬದುಕ್ತಿದ್ದರು.

ಮದ್ದು ಅಂತ ಇರೋದು ಆಂಟಿವೆನಮ್ ಒಂದೇ. ನಮ್ಮಲ್ಲಿ ಸಿಗೋದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿ ಮಾಡಿದ್ದು. ಸಾಮಾನ್ಯವಾಗಿ 10 ವಯಲ್‌ನಿಂದ ಶುರು ಮಾಡ್ತಾರೆ, ಮಕ್ಕಳಿಗೂ ಅಷ್ಟೇ; ಹಾವು ಬಿಡೋ ವಿಷ ಆಳು ನೋಡಿ ಕಡಿಮೆ ಆಗಲ್ಲವಲ್ಲ. ಕೆಲವರಿಗೆ ಜೋರು ಅಲರ್ಜಿ ಆಗೋದರಿಂದ ಅದನ್ನು ಆಸ್ಪತ್ರೆಯಲ್ಲೇ ಕೊಡಬೇಕು. ತೋಟದ ತರಗೆಲೆಯಲ್ಲಿರೋ ಗುಳಿಮಂಡಲಕ್ಕೆ ಇದು ಕೆಲಸ ಮಾಡಲ್ಲ, ಆದರೂ ರಕ್ತಸ್ರಾವ, ಕಿಡ್ನಿ ನೋಡಿಕೊಳ್ಳೋಕೆ ಆಸ್ಪತ್ರೆಗೇ ಹೋಗಬೇಕು.

ಮೆಸೇಜಲ್ಲಿ ‘ಬಿಗಿಯಾಗಿ ಕಟ್ಟಿ, ಕೊಯ್ದು ರಕ್ತ ತೆಗೆಯಿರಿ’ ಅಂತಲೂ ಇದೆ. ಇದು ಹನಿಗಿಂತ ಅಪಾಯ. ಬಿಗಿದು ಕಟ್ಟಿದರೆ ರಕ್ತ ಓಡದೆ ಕೈಕಾಲೇ ಕೊಳೆಯಬಹುದು. ಕೊಳಕುಮಂಡಲ ಕಚ್ಚಿದವರ ರಕ್ತ ಹೆಪ್ಪುಗಟ್ಟಲ್ಲ, ಕೊಯ್ದರೆ ನಿಲ್ಲಿಸೋಕಾಗಲ್ಲ. ಯಾರಾದರೂ ಆಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ. ತಡೆದಿದ್ದ ವಿಷ ಒಮ್ಮೆಲೇ ನುಗ್ಗುತ್ತೆ, ಡಾಕ್ಟರ ಎದುರಲ್ಲೇ ಬಿಚ್ಚಲಿ.

ಮಾಡಬೇಕಾದ್ದು ಇಷ್ಟು. ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಓಡಿಸಬೇಡಿ. ಊತ ಬರೋ ಮೊದಲೇ ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಕಚ್ಚಿದ ಕೈಗೋ ಕಾಲಿಗೋ ಅಡಿಕೆ ದಬ್ಬೆ ಇಟ್ಟು, ಮುರಿದ ಮೂಳೆಗೆ ಕಟ್ಟೋ ಹಾಗೆ, ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಕಚ್ಚಿದ ಹೊತ್ತು ಬರೆದಿಟ್ಟುಕೊಳ್ಳಿ. ವಾಂತಿ ಬಂದರೆ, ಮಂಪರು ಕವಿದರೆ ಎಡಮಗ್ಗುಲಿಗೆ ಮಲಗಿಸಿ. 108ಕ್ಕೆ ಫೋನ್ ಮಾಡಿ. ತಡ ಆಗೋ ಹಾಗಿದ್ದರೆ ಇದ್ದ ಗಾಡೀಲೇ ಹೊರಡಿ. ಹಾವನ್ನು ಹೊಡೆದು ತರೋದು ಬೇಡ, ಲಕ್ಷಣ ನೋಡಿಯೇ ಡಾಕ್ಟರು ಚಿಕಿತ್ಸೆ ಮಾಡ್ತಾರೆ.

ಕಟ್ಟುಹಾವಿನದು ಬೇರೆಯೇ ಕಥೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತೆ. ನೋವೂ ಇರಲ್ಲ, ಎಷ್ಟೋ ಸಲ ಗುರುತೂ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳೋದು, ಮಾತು ತೊದಲೋದು. ಗ್ಯಾಸ್ ಅಂತ ಸೋಡಾ ಕೊಟ್ಟು ಕೂರಬೇಡಿ, ಆಮೇಲೆ ಉಸಿರೇ ನಿಲ್ಲುತ್ತೆ. ತೋಟದ ಮನೇಲಿ ಮಲಗೋ ಆಳುಗಳಿಗೆ ಮಂಚ ಇಲ್ಲದಿದ್ದರೆ, ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿಕೊಳ್ಳೋಕೆ ಹೇಳಿ. ಕಳೆ ಕೆಲಸಕ್ಕೆ ಗಂಬೂಟು ಕೊಡಿಸಿದರೆ ಇನ್ನೂ ಒಳ್ಳೇದು.

ಒಂದು ಕೆಲಸ ಈ ವಾರವೇ ಮಾಡಿ: ನಿಮ್ಮೂರ ಆರೋಗ್ಯ ಕೇಂದ್ರದಲ್ಲೂ ತಾಲೂಕು ಆಸ್ಪತ್ರೆಯಲ್ಲೂ ಆಂಟಿವೆನಮ್ ಸ್ಟಾಕ್ ಇದೆಯಾ, ರಾತ್ರಿ ಡಾಕ್ಟರು ಇರ್ತಾರಾ ಅಂತ ಕೇಳಿ, ಫೋನ್ ನಂಬರನ್ನು ಗೋಡೆಗೆ ಅಂಟಿಸಿ. ಕಚ್ಚಿದ ಮೇಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯೋದರಲ್ಲೇ ಹೊತ್ತು ಹೋಗೋದು.

ಆ ಮೆಸೇಜನ್ನು ಒತ್ತಿ ಹಿಡಿದು, ಡಿಲೀಟ್ ಗುರುತು ಒತ್ತಿ, Delete for everyone ಕೊಟ್ಟರೆ ಎಲ್ಲರ ಫೋನಿಂದಲೂ ಹೋಗುತ್ತೆ. ಎರಡು ದಿನದೊಳಗೆ ಮಾಡಿದರೆ ಮಾತ್ರ. ಬದಲಿಗೆ ಇದನ್ನು ಹಾಕಿ. ನೀವು ಹೇಳಿದರೆ ಊರಲ್ಲಿ ಕೇಳ್ತಾರೆ:

“ನಿನ್ನೆ ಕಳಿಸಿದ ಹಾವಿನ ಮದ್ದಿನ ವಿಷಯ ಸರಿಯಲ್ಲ ಅಂತ ತಿಳೀತು, ಅಳಿಸಿದ್ದೇನೆ. ಬೇರೆ ಕಡೆ ಕಳಿಸಿದ್ದರೆ ನೀವೂ ಅಳಿಸಿ. ಹಾವು ಕಚ್ಚಿದರೆ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಅಲುಗಾಡಿಸದೆ ನೇರ ಆಸ್ಪತ್ರೆಗೆ. 108.”

ದೊಡ್ಡಮ್ಮನಿಗೂ ಓದಿ ಹೇಳಿ. ಏನಾದರೂ ಕೇಳೋದಿದ್ದರೆ ಸಂಜೆ ಏಳರ ಮೇಲೆ ಫೋನ್ ಮಾಡಿ, ಮನೇಲೇ ಇರ್ತೀನಿ.