ಭೀಮಾ ನೀರು ಕುಡಿದ ಪಿಕಪ್: ಕರಾರು ಕಾನೂನಿನ ಒಂದು ಸಮಸ್ಯೆ, ಮಾದರಿ ಉತ್ತರದೊಂದಿಗೆ

ಸಮಸ್ಯೆ

ಬಸವರಾಜ ಚಿತ್ತಾಪುರದವರು. ಹಳ್ಳಿಗಳಿಂದ ತೊಗರಿ ಮೂಟೆ ತುಂಬಿಕೊಂಡು ಕಲಬುರಗಿ ಎಪಿಎಂಸಿಗೆ ಸಾಗಿಸುತ್ತಾರೆ. ಗಾಡಿ ಓಡಿಸುವುದೂ ಅವರೇ. 2024ರ ಜನವರಿ 12ರಂದು ಕಲಬುರಗಿ ರಿಂಗ್ ರೋಡ್ ಪಕ್ಕ ಹಳೇ ಗಾಡಿ ಮಾರುವ ಗುಂಡಪ್ಪ ಅವರ ಹತ್ತಿರ 2018ರ ಮಾಡೆಲ್ ಪಿಕಪ್ ಒಂದನ್ನು ನೋಡಿದರು.

"ಒಂದೇ ಕೈ ಗಾಡಿ ಅದ ರೀ ಅಣ್ಣೋರ" ಎಂದರು ಗುಂಡಪ್ಪ. "ಬರೀ 48 ಸಾವಿರ ಕಿಲೋಮೀಟರ್ ಓಡ್ಯದ, ಮೀಟರ್ ನೋಡ್ರಿ. ಇಂಥಾ ಗಾಡಿ ಇಡೀ ಜಿಲ್ಲಾದಾಗ ಸಿಗಲ್ಲ."

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದ್ದು ಬಸವರಾಜರಿಗೆ ನೆನಪಿತ್ತು. "ಹೊಳಿ ನೀರಾಗ ನಿಂತ ಗಾಡಿ ಅಲ್ಲಲ್ರಿ? ನೀವು ಏನೂ ಅನ್ಲಿಲ್ಲಂದ್ರ, ನಿಂತಿಲ್ಲಂತ ತಿಳ್ಕೋತೀನಿ ನೋಡ್ರಿ" ಎಂದರು. ಗುಂಡಪ್ಪ ಏನೂ ಅನ್ನಲಿಲ್ಲ. ಹುಡುಗನನ್ನು ಕರೆದು ಎರಡು ಚಹಾ ತರಲು ಹೇಳಿದರು.

ಬಸವರಾಜರ ಜೊತೆ ಬಂದಿದ್ದ ಮೆಕ್ಯಾನಿಕ್ ಗಾಡಿಯನ್ನು ರಿಂಗ್ ರೋಡಿನಲ್ಲಿ ಒಂದು ಸುತ್ತು ಓಡಿಸಿ, ಗೇರ್ ಚೆನ್ನಾಗಿದೆ ಎಂದರು. ಬಾನೆಟ್ ತೆಗೆಯಲಿಲ್ಲ. ದುಡ್ಡು ಕೊಡುವ ಮೊದಲೇ ಆರ್‌ಸಿ ಕಾರ್ಡ್ ಕೈಗೆ ಬಂತು. ಬಸವರಾಜ ಅದನ್ನು ಓದದೆ ಜೇಬಿಗೆ ಹಾಕಿಕೊಂಡರು. ಬೆಲೆ 4,20,000 ರೂಪಾಯಿ. ಅದರಲ್ಲಿ 3,80,000 ಬ್ಯಾಂಕ್ ಮೂಲಕ ಹೋಯಿತು, ಉಳಿದ 40,000ಕ್ಕೆ ತಮ್ಮ ಹಳೇ ಬೈಕ್ ಬಿಟ್ಟುಕೊಟ್ಟರು. ಛಾಪಾ ಕಾಗದದ ಮೇಲೆ "ಗಾಡಿ ಇದ್ದ ಸ್ಥಿತಿಯಲ್ಲಿ ಮಾರಿದೆ" ಎಂದು ಬರೆದು ಇಬ್ಬರೂ ಸಹಿ ಹಾಕಿದರು.

ಫೆಬ್ರವರಿ 3ರಂದು ಗಾಡಿ ದಾರಿಯಲ್ಲೇ ನಿಂತಿತು. ಮೆಕ್ಯಾನಿಕ್ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದರು. ಕೊನೆಯ ಒಂದು ಗೇಣು ಬೆಲ್ಟ್ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಉಗುರಿನಿಂದ ಕೆರೆದರೆ ಒಣ ರಾಡಿ ಉದುರಿತು. ಬಾನೆಟ್ ಒಳಗೆ ತಂತಿಯಲ್ಲಿ ಕಟ್ಟಿದ್ದ ಆಯಿಲ್ ಬದಲಾವಣೆಯ ಚೀಟಿ ಗ್ರೀಸ್ ಹತ್ತಿ ಕಪ್ಪಾಗಿತ್ತು. ಒರೆಸಿದಾಗ 91,300 ಎಂಬ ಅಂಕಿ ಕಾಣಿಸಿತು. ಆರ್‌ಸಿ ತೆಗೆದು ನೋಡಿದರೆ ಈಗಿನದು ಎರಡನೇ ಮಾಲೀಕರ ಹೆಸರು.

ಮರುದಿನವೇ ಬಸವರಾಜ "ಗಾಡಿ ವಾಪಸ್ ತಗೊಳ್ರಿ, ದುಡ್ಡು ಕೊಡ್ರಿ" ಎಂದು ಫೋನ್ ಮಾಡಿ, ವಾಟ್ಸಾಪ್‌ನಲ್ಲೂ ಬರೆದರು. ಆಮೇಲೆ ಗಾಡಿ ಓಡಿಸಿಲ್ಲ. ಆದರೆ ಅವರ ಬೈಕನ್ನು ಗುಂಡಪ್ಪ ಜನವರಿ 25ಕ್ಕೇ ಆಳಂದದ ಶಿವಲೀಲಾ ಅವರಿಗೆ ಮಾರಿಬಿಟ್ಟಿದ್ದರು. ಶಿವಲೀಲಾ ಅವರಿಗೆ ಈ ವಿಷಯ ಯಾವುದೂ ಗೊತ್ತಿರಲಿಲ್ಲ.

ಮೀಟರ್ ತಿರುಗಿಸಿದ್ದು ಮೊದಲ ಮಾಲೀಕರು, ಗುಂಡಪ್ಪ 48 ಸಾವಿರವನ್ನು ನಂಬಿದ್ದರು ಎಂದು ಇಟ್ಟುಕೊಳ್ಳಿ. ಆದರೆ ನೀರಿನ ವಿಷಯ ಅವರಿಗೆ ಗೊತ್ತಿತ್ತು. ವರ್ಗಾವಣೆ ಫಾರಂಗಳಿಗೆ ಎರಡನೇ ಮಾಲೀಕರ ಸಹಿ ಹಾಕಿಸಿಕೊಂಡವರೂ ಅವರೇ. ಈಗ ಅವರ ವಾದ ಮೂರು: ಇದ್ದ ಸ್ಥಿತಿಯಲ್ಲಿ ಮಾರಿದ್ದೇನೆ, ನೋಡಿಕೊಳ್ಳುವುದು ಕೊಳ್ಳುವವರ ಕೆಲಸ, ಕಿಲೋಮೀಟರ್ ವಿಷಯದಲ್ಲಿ ಇಬ್ಬರೂ ತಪ್ಪು ತಿಳಿದಿದ್ದೆವು.

ಬಸವರಾಜರಿಗೆ ಏನು ಸಿಗುತ್ತದೆ?

ಉತ್ತರ

ಹೆಚ್ಚಿನವರು "ಎಲ್ಲಾ ಸುಳ್ಳು, ಆದ್ದರಿಂದ ಕರಾರು ಶೂನ್ಯ" ಎಂದು ಒಂದೇ ಏಟಿಗೆ ಬರೆದುಬಿಡುತ್ತಾರೆ. ಅಲ್ಲಿಗೇ ಅರ್ಧ ಅಂಕ ಹೋಯಿತು. ಗುಂಡಪ್ಪ ಆಡಿದ ಮತ್ತು ಆಡದ ಒಂದೊಂದು ಮಾತನ್ನೂ ಬೇರೆ ಬೇರೆ ತೂಗಬೇಕು.

"ಇಂಥಾ ಗಾಡಿ ಜಿಲ್ಲಾದಾಗ ಸಿಗಲ್ಲ" ಎಂಬುದು ವ್ಯಾಪಾರದ ಬಡಾಯಿ. ಅದನ್ನು ಬಿಟ್ಟುಬಿಡಿ.

"ಒಂದೇ ಕೈ" ಎಂಬುದು ಗೊತ್ತಿದ್ದೂ ಹೇಳಿದ ಸುಳ್ಳು. ಭಾರತೀಯ ಕರಾರು ಅಧಿನಿಯಮ, 1872ರ 17ನೇ ಕಲಮಿನ ಪ್ರಕಾರ ಇದು ವಂಚನೆ. ಆರ್‌ಸಿ ಓದಿದ್ದರೆ ಗೊತ್ತಾಗುತ್ತಿತ್ತು, ಅಲ್ವಾ? ನಿಜ. ಆದರೆ ಇಂಥ ಕರಾರನ್ನು ರದ್ದು ಮಾಡುವ ಹಕ್ಕು ಕೊಡುವ 19ನೇ ಕಲಮಿನ ವಿನಾಯಿತಿಯನ್ನು ಪದ ಪದವಾಗಿ ಓದಿ. ಸಾಮಾನ್ಯ ಎಚ್ಚರದಿಂದ ಸತ್ಯ ತಿಳಿಯಬಹುದಿತ್ತು ಎಂಬ ವಾದ ನಡೆಯುವುದು ತಪ್ಪು ನಿರೂಪಣೆಗೆ ಮತ್ತು ಮೌನದ ವಂಚನೆಗೆ ಮಾತ್ರ. ಬಾಯಿ ಬಿಟ್ಟು ಹೇಳಿದ ಸುಳ್ಳಿಗೆ ನಡೆಯುವುದಿಲ್ಲ. ಬಸವರಾಜ ಆರ್‌ಸಿ ಓದಿ, ಎರಡನೇ ಕೈ ಎಂದು ತಿಳಿದೂ ಕೊಂಡಿದ್ದರೆ ಕಥೆ ಬೇರೆ. ಆಗ ಆ ಸುಳ್ಳು ಅವರ ಒಪ್ಪಿಗೆಗೆ ಕಾರಣವೇ ಆಗುತ್ತಿರಲಿಲ್ಲ. ಅದೇ ಕಲಮಿನಲ್ಲಿರುವ ನೀಲಿ ಕಾರ್ಖಾನೆಯ ಉದಾಹರಣೆ ಇದನ್ನೇ ಹೇಳುತ್ತದೆ: ವರ್ಷಕ್ಕೆ 500 ಮಣ ಎಂದು ಹೇಳಿದರೂ, ಲೆಕ್ಕದ ಪುಸ್ತಕದಲ್ಲಿ 400 ಮಣ ಎಂದು ನೋಡಿಯೂ ಕೊಂಡವನಿಗೆ ದೂರುವ ಹಕ್ಕಿಲ್ಲ.

48 ಸಾವಿರದ ಮಾತನ್ನು ಗುಂಡಪ್ಪ ನಂಬಿಯೇ ಹೇಳಿದರು. ಹಾಗಾಗಿ ವಂಚನೆ ಅಲ್ಲ, 18ನೇ ಕಲಮಿನ ತಪ್ಪು ನಿರೂಪಣೆ. ಸಾಕಷ್ಟು ಆಧಾರವಿಲ್ಲದೆ ಖಂಡಿತ ಎನ್ನುವಂತೆ ಹೇಳಿದರೆ ಸಾಕು, ಮನಸ್ಸಿನಲ್ಲಿ ಮೋಸ ಇರಬೇಕಿಲ್ಲ. ಆದರೆ ಇಲ್ಲಿ ವಿನಾಯಿತಿ ಗುಂಡಪ್ಪ ಅವರ ಪರ ವಾಲುತ್ತದೆ. ಜೊತೆಗೇ ಮೆಕ್ಯಾನಿಕ್ ಇದ್ದರು, ಚೀಟಿ ಬಾನೆಟ್ ಕೆಳಗೇ ನೇತಾಡುತ್ತಿತ್ತು. ಕೆಲವರು ಇಲ್ಲಿ 1881ರ ಇಂಗ್ಲಿಷ್ ತೀರ್ಪು ರೆಡ್‌ಗ್ರೇವ್ ವಿರುದ್ಧ ಹರ್ಡ್ ಬರೆದು, ಪರೀಕ್ಷಿಸುವ ಅವಕಾಶ ಇದ್ದರೂ ಪರವಾಗಿಲ್ಲ ಎನ್ನುತ್ತಾರೆ. ನಮ್ಮ ಕಲಮು ಹಾಗೆ ಹೇಳುವುದಿಲ್ಲ. ಗೈಡ್ ನೋಡಿ ಬರೆದದ್ದು ಸುಮ್ನೆ ಗೊತ್ತಾಗಿಬಿಡುತ್ತದೆ. ಕಿಲೋಮೀಟರ್ ಒಂದನ್ನೇ ನಂಬಿಕೊಂಡು ದಾವೆ ಹೂಡಿದರೆ ಬಸವರಾಜ ಸೋಲಬಹುದು ಎಂಬುದು ನನ್ನ ಅಭಿಪ್ರಾಯ.

ಅವರ ಕೈಯಲ್ಲಿರುವ ಗಟ್ಟಿ ಮಾತು ಚಹಾದ್ದು. ಸುಮ್ಮನಿದ್ದ ಮಾತ್ರಕ್ಕೆ ವಂಚನೆ ಆಗುವುದಿಲ್ಲ. ಆದರೆ ಮೌನವೇ ಮಾತಿಗೆ ಸಮವಾದಾಗ ಆಗುತ್ತದೆ. "ನೀನು ಅಲ್ಲಗಳೆಯದಿದ್ದರೆ ಕುದುರೆ ಚೆನ್ನಾಗಿದೆ ಎಂದು ತಿಳಿಯುತ್ತೇನೆ" ಎಂಬ 17ನೇ ಕಲಮಿನ ಉದಾಹರಣೆ ಇದ್ದದ್ದೇ ಈ ಪಿಕಪ್‌ಗಾಗಿ ಅನ್ನಿಸುತ್ತದೆ. ಎಚ್ಚರ ವಹಿಸಬೇಕಿತ್ತು ಎಂದು ಗುಂಡಪ್ಪ ಇಲ್ಲೂ ವಾದಿಸಬಹುದು. ಆದರೆ ನೇರವಾಗಿ ಕೇಳಿದ್ದೇ ಎಚ್ಚರ ಅಲ್ವಾ? ಗಾಡಿ ಕೊಳ್ಳುವಾಗ ಸೀಟ್ ಬೆಲ್ಟನ್ನು ಕೊನೆತನಕ ಎಳೆದು ನೋಡುವವರು ಎಷ್ಟು ಜನ?

"ಇದ್ದ ಸ್ಥಿತಿಯಲ್ಲಿ" ಎಂಬ ಸಾಲು ವಂಚನೆಯನ್ನು ಮುಚ್ಚುವುದಿಲ್ಲ. ಆ ಸಾಲಿಗೆ ಸಹಿ ಹಾಕಿಸಿದ್ದೂ ಅದೇ ವಂಚನೆಯಿಂದ.

ಇಬ್ಬರೂ ತಪ್ಪು ತಿಳಿದಿದ್ದೆವು ಎಂಬ ವಾದಕ್ಕೆ 20ನೇ ಕಲಮು ನೋಡಿ. ಕರಾರಿನ ಮೂಲಕ್ಕೇ ಬೇಕಾದ ಸಂಗತಿಯಲ್ಲಿ ಇಬ್ಬರೂ ತಪ್ಪಿದರೆ ಒಪ್ಪಂದ ಶೂನ್ಯ. ಮಾತುಕತೆ ವೇಳೆಗೆ ಕುದುರೆ ಸತ್ತೇ ಹೋಗಿದ್ದರೆ ಹಾಗಾಗುತ್ತದೆ. ಇಲ್ಲಿ ಇಬ್ಬರೂ ಅಂದುಕೊಂಡ ಪಿಕಪ್ ಅದೇ, ಕಣ್ಣೆದುರೇ ನಿಂತಿತ್ತು. ಜಾಸ್ತಿ ಓಡಿದ ಗಾಡಿಯೂ ಗಾಡಿಯೇ. "ನಾನು ಜಾಸ್ತಿ ದುಡ್ಡು ಕೊಟ್ಟೆ" ಎಂಬುದೂ ಇಲ್ಲಿ ಬರುವುದಿಲ್ಲ. ಬೆಲೆಯ ಅಂದಾಜು ತಪ್ಪಿದರೆ ಅದು ಸಂಗತಿಯ ತಪ್ಪಲ್ಲ ಎಂದು ಕಲಮಿನ ವಿವರಣೆಯೇ ಹೇಳುತ್ತದೆ.

ಹಾಗಾದರೆ ಕರಾರು ಶೂನ್ಯವಲ್ಲ, ಬಸವರಾಜ ಇಷ್ಟಪಟ್ಟರೆ ರದ್ದು ಮಾಡಬಹುದಾದದ್ದು. ಅವರು ತಡಮಾಡದೆ ತಿಳಿಸಿದ್ದಾರೆ, ವಾಟ್ಸಾಪ್ ಸಂದೇಶ ಸಾಕ್ಷಿಗೆ ಒದಗುತ್ತದೆ. ವಿಷಯ ಗೊತ್ತಾದ ಮೇಲೂ ಎರಡು ತಿಂಗಳು ಅದೇ ಗಾಡಿಯಲ್ಲಿ ತೊಗರಿ ಸಾಗಿಸಿದ್ದರೆ, ಕರಾರನ್ನು ಒಪ್ಪಿಕೊಂಡಂತೆ ಆಗುತ್ತಿತ್ತು. 64ನೇ ಕಲಮಿನಂತೆ ಅವರು ಪಿಕಪ್ ಹಿಂದಿರುಗಿಸಬೇಕು, 3,80,000 ವಾಪಸ್ ಪಡೆಯಬೇಕು. ಗಾಡಿ ನಿಂತು ಆದ ನಷ್ಟವನ್ನು 75ನೇ ಕಲಮಿನಡಿ ಕೇಳಬಹುದು. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡ ಗಾಡಿಯಾದ್ದರಿಂದ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ.

ಬೈಕ್ ಮಾತ್ರ ಸಿಗುವುದಿಲ್ಲ. ಕರಾರು ರದ್ದಾದದ್ದು ಫೆಬ್ರವರಿ 4ಕ್ಕೆ, ಶಿವಲೀಲಾ ಅದನ್ನು ಪ್ರಾಮಾಣಿಕವಾಗಿ ಕೊಂಡದ್ದು ಜನವರಿ 25ಕ್ಕೆ. ಸರಕು ಮಾರಾಟ ಅಧಿನಿಯಮ, 1930ರ 29ನೇ ಕಲಮಿನಂತೆ ಆ ಬೈಕ್ ಈಗ ಅವರದ್ದೇ. ಬಸವರಾಜ ಬೈಕಿನ ಬದಲು ಅದರ 40,000 ರೂಪಾಯಿಯನ್ನು ಗುಂಡಪ್ಪ ಅವರಿಂದ ಕೇಳಬೇಕು, ಆಳಂದಕ್ಕೆ ಹೋಗಿ ಬೈಕಿನ ಮುಂದೆ ನಿಲ್ಲುವಂತಿಲ್ಲ.