ಶಿಲ್ಪಾ – ಶರಣಬಸವ ಮದುವೆಗೆ ಬನ್ನಿ

॥ ಶ್ರೀ ಗವಿಸಿದ್ಧೇಶ್ವರ ಪ್ರಸನ್ನ ॥

ಕಿನ್ನಾಳದ ಗಿರಿಜಮ್ಮ ಮತ್ತು ಬಸವರಾಜ ಅವರ ಹಿರಿಯ ಮಗಳು ಶಿಲ್ಪಾ. ಸಿಂಧನೂರಿನ ಶಾಂತಮ್ಮ ಮತ್ತು ವಿರೂಪಾಕ್ಷಪ್ಪ ಅವರ ಎರಡನೇ ಮಗ ಶರಣಬಸವ. ಇವರಿಬ್ಬರ ಮದುವೆ ಪರಾಭವನಾಮ ಸಂವತ್ಸರದ ಮಾಘ ಶುದ್ಧ ಪಂಚಮಿ, ಗುರುವಾರ, 11 ಫೆಬ್ರವರಿ 2027ರಂದು. ಮುಹೂರ್ತ ಮಧ್ಯಾಹ್ನ 12.20ಕ್ಕೆ. ಸಂವತ್ಸರದ ಹೆಸರು ನೋಡಿ ಯಾರೂ ಗಾಬರಿ ಆಗಬೇಡಿ, ನಮ್ಮ ಅಜ್ಜಿಗೂ ಸಮಾಧಾನ ಹೇಳಿಯಾಗಿದೆ!

ಅಜ್ಜನ ಜಾತ್ರೆ ಮುಗಿದ ಮೇಲೆ ಮನೆಮನೆಗೆ ಬಂದು ಕುಂಕುಮ ಹಚ್ಚಿ ಕರೆಯುತ್ತೇವೆ. ಈ ಪುಟ ಅದರ ಬದಲಿಗಲ್ಲ. ದೂರದ ಊರಲ್ಲಿ ಇರುವವರು ರಜೆ ಹಾಕಬೇಕು, ರೈಲು ಟಿಕೆಟ್ ತೆಗೆಸಬೇಕು, ಅದಕ್ಕೇ ಮೊದಲೇ ಹೇಳುತ್ತಿದ್ದೇವೆ.

– ಶಿಲ್ಪಾಳ ತಮ್ಮ ಮಂಜುನಾಥ, ಎರಡೂ ಮನೆಯವರ ಪರವಾಗಿ

ಯಾವಾಗ ಏನು?

*ಮಂಗಳವಾರ, 9 ಫೆಬ್ರವರಿ*
ಬೆಳಿಗ್ಗೆ 8ಕ್ಕೆ ಹಾಲಗಂಬ ತಂದು ಹಂದರ ಹಾಕುವುದು. ಸಂಜೆ ಬಳೆ ಇಡಿಸುವುದು. ಇದು ಮನೆಯವರ ಮಟ್ಟಿಗೆ. ಆದರೆ ಅತ್ತೆ, ಚಿಕ್ಕಮ್ಮಂದಿರು ಇಲ್ಲದೆ ಒಂದು ಕೆಲಸವೂ ಸಾಗುವುದಿಲ್ಲ, ದಯವಿಟ್ಟು ಅಂದೇ ಬಂದುಬಿಡಿ.

*ಬುಧವಾರ, 10 ಫೆಬ್ರವರಿ*
ಬೆಳಿಗ್ಗೆ 10ಕ್ಕೆ ಅರಿಶಿನ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಆಮೇಲೆ ನಮ್ಮನ್ನು ಬೈಯಬೇಡಿ. ಸಂಜೆ 6ಕ್ಕೆ ಸಿಂಧನೂರಿನಿಂದ ಬೀಗರು ಬರುತ್ತಾರೆ. ಹನುಮಪ್ಪನ ಗುಡಿ ಹತ್ತಿರ ಎದುರುಗೊಂಡು, ಡೊಳ್ಳಿನೊಂದಿಗೆ ಕರೆತರುತ್ತೇವೆ. ರಾತ್ರಿ ಊಟ 8ರಿಂದ.

*ಗುರುವಾರ, 11 ಫೆಬ್ರವರಿ*
ಬೆಳಿಗ್ಗೆ 7ಕ್ಕೆ ಸುರಗಿ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಕೂರಿಸಿ ನೀರು ಹಾಕುತ್ತಾರೆ. ಇದನ್ನು ನೋಡಿಲ್ಲದ ಬೆಂಗಳೂರು ಗೆಳೆಯರು ಬೇಗ ಏಳಿ. ತಿಂಡಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಶಿರಾ.
12.20ಕ್ಕೆ ಅಕ್ಕಿಕಾಳು. ಐದು ನಿಮಿಷ ಮೊದಲೇ ಹಂದರದೊಳಗೆ ಇರಿ.
1ರಿಂದ ಊಟ. ಗೋಧಿ ಹುಗ್ಗಿ, ತುಪ್ಪ, ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ, ಸಾರು. ನೆಲದ ಮೇಲೆ ಪಂಕ್ತಿ, ಮಂಡಿನೋವು ಇರುವವರಿಗೆ ಕುರ್ಚಿ–ಮೇಜು ಪ್ರತ್ಯೇಕ.
ಸಂಜೆ 5ಕ್ಕೆ ಹುಡುಗಿಯನ್ನು ಕಳಿಸಿಕೊಡುವುದು.

ಮಂಟಪ ನೋಡುವುದನ್ನು ಮರೆಯಬೇಡಿ. ಬಾಡಿಗೆ ಥರ್ಮೋಕೋಲ್ ಬೇಡ ಅಂತ ಅಕ್ಕ ಹಟ ಹಿಡಿದಳು. ನಮ್ಮೂರ ಚಿತ್ರಗಾರರ ಓಣಿಯಲ್ಲೇ ಮಾಡಿಸಿದ್ದೇವೆ. ಹಗುರ ಪೊಳಕಿ ಮರದ ಎರಡು ಗಿಳಿ, ಮೈಗೆ ಹಸಿರು, ಕೊಕ್ಕಿಗೆ ಕೆಂಪು. ಎಡಗಡೆ ಗಿಳಿಯ ಕಣ್ಣು ಸ್ವಲ್ಪ ಓರೆಯಾಗಿದೆ. ತಿದ್ದೋದು ಬೇಡ, ಹಾಗೇ ಇರಲಿ ಅಂದಿದ್ದೂ ಅವಳೇ.

ಎಲ್ಲಿ? ಬರುವುದು ಹೇಗೆ?

ಹುಡುಗಿಯ ಮನೆ ಮುಂದಿನ ಬಯಲು, ಕಿನ್ನಾಳ, ಕೊಪ್ಪಳ ತಾಲ್ಲೂಕು.

[ನಕ್ಷೆಯಲ್ಲಿ ತೆರೆಯಿರಿ]

ಕೆಂಪು ಗುರುತು ಹಂದರದ ಮೇಲೇ ಇದೆ. ಊರ ಹೆಸರು ಮಾತ್ರ ಹಾಕಿ ಹುಡುಕಿದರೆ ಬಸ್ ಸ್ಟ್ಯಾಂಡಿಗೆ ತಂದು ನಿಲ್ಲಿಸುತ್ತದೆ. ಹಾಗಾದರೂ ಪರವಾಗಿಲ್ಲ, ಅಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ.

ಸಿಂಧನೂರು ಕಡೆಯಿಂದ ಬರುವವರು ಕಾರಟಗಿ, ಗಂಗಾವತಿ ದಾಟಿ ಕೊಪ್ಪಳಕ್ಕೆ ಬನ್ನಿ. ಅಲ್ಲಿಂದ ಕಿನ್ನಾಳ ಸುಮಾರು 12 ಕಿ.ಮೀ. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕೊಪ್ಪಳದಲ್ಲಿ ಇಳಿಯಬಹುದು. ಗುರುವಾರ ಬೆಳಿಗ್ಗೆ ಸ್ಟೇಷನ್ನಿನಿಂದ ನಮ್ಮ ಟೆಂಪೋ ಇರುತ್ತದೆ. ಕಾರು, ಬೈಕು ನಿಲ್ಲಿಸಲು ಹಿಂದಿನ ಹೊಲ ಖಾಲಿ ಇದೆ. ಓಣಿಯೊಳಗೆ ತರಬೇಡಿ, ತಿರುಗಿಸೋಕೆ ಜಾಗ ಇಲ್ಲ.

ಬರುತ್ತೀರಾ? ತಿಳಿಸಿ

ಜನವರಿ 31ರೊಳಗೆ ತುಂಬಿ ಕಳಿಸಿ. ಖಡಕ್ ರೊಟ್ಟಿ ನಾಲ್ಕು ದಿನ ಮೊದಲೇ ಬಡಿಯಲು ಶುರು ಮಾಡಬೇಕು, ಎಷ್ಟು ಜನ ಅಂತ ಗೊತ್ತಾದರೆ ಹೆಣ್ಣುಮಕ್ಕಳ ಕೈಗೆ ಸ್ವಲ್ಪ ಸುಖ.

1. ನಿಮ್ಮ ಹೆಸರು, ಊರು
2. ಯಾರ ಕಡೆಯವರು?
○ ಹುಡುಗಿ ಕಡೆ ○ ಹುಡುಗನ ಕಡೆ ○ ಇಬ್ಬರಿಗೂ ಬೇಕಾದವರು
3. ಬರುತ್ತೀರಾ?
○ ಖಂಡಿತ ○ ನೋಡಿ ಹೇಳುತ್ತೇನೆ ○ ಈ ಸಲ ಆಗಲ್ಲ
4. ಎಷ್ಟು ಜನ? (ಮಕ್ಕಳನ್ನೂ ಸೇರಿಸಿ. ಅವರೇ ಮಿರ್ಚಿ ಜಾಸ್ತಿ ತಿನ್ನೋದು.)
5. ಯಾವ ದಿನ ಬರುತ್ತೀರಿ?
☐ ಮಂಗಳವಾರ ☐ ಬುಧವಾರ ☐ ಗುರುವಾರ
6. ರಾತ್ರಿ ಉಳಿಯಲು ಜಾಗ ಬೇಕೇ?
○ ಬೇಕು ○ ಬೇಡ
(ಊರಲ್ಲಿ ಐದು ಮನೆ ಹೇಳಿಟ್ಟಿದ್ದೇವೆ. ಹಾಸಿಗೆ, ಬಿಸಿನೀರು ಸಿಗುತ್ತದೆ.)
7. ಸ್ಟೇಷನ್ನಿನಿಂದ ಟೆಂಪೋ ಬೇಕೇ?
○ ಬೇಕು ○ ಬೇಡ
8. ಸಕ್ಕರೆ ಕಾಯಿಲೆ ಇದ್ದು ಹುಗ್ಗಿ ಬೇಡ ಅನ್ನುವವರು, ಖಾರ ತಿನ್ನದವರು ಇದ್ದರೆ ಬರೆಯಿರಿ
9. ಶಿಲ್ಪಾ–ಶರಣಬಸವರಿಗೆ ಒಂದು ಮಾತು

[ಕಳಿಸಿ]

ಆಯೇರಿ, ಮುಯ್ಯಿ ಯಾವುದೂ ಬೇಡ. ಸೀರೆ ಕೊಟ್ಟರೆ ವಾಪಸ್ ಸೀರೆ ಉಡಿಸುವ ಲೆಕ್ಕ ಈ ಮದುವೆಯಲ್ಲಿ ಇಲ್ಲ ಅಂತ ಎರಡೂ ಮನೆಯವರು ಕೂತು ತೀರ್ಮಾನ ಮಾಡಿದ್ದಾರೆ.

*ಕಳಿಸಿದ ಮೇಲೆ ಕಾಣುವ ಸಂದೇಶ:* ನಿಮ್ಮ ಉತ್ತರ ಮುಟ್ಟಿತು. ಜನರ ಲೆಕ್ಕ ಬದಲಾದರೆ ಇದೇ ಪುಟದಲ್ಲಿ ಮತ್ತೆ ತುಂಬಿ, ಹಳೆಯದನ್ನು ನಾವು ತೆಗೆದುಹಾಕುತ್ತೇವೆ. ತಿಳಿಸದೆ ಬಂದರೂ ಎಲೆ ಹಾಕುತ್ತೇವೆ!